ಓಟಿಪಿಯೇ ಬರಲಿಲ್ಲ, ಅಕೌಂಟ್ ಹೋಗಿತ್ತು

"ಅಣ್ಣಾ, ನಾನು ಯಾರಿಗೂ ಓಟಿಪಿ ಹೇಳಿಲ್ಲ. ಓಟಿಪಿ ಬಂದೇ ಇಲ್ಲ" ಎಂದು ತಂಗಿ ಫೋನಿನಲ್ಲಿ ಅಳುವ ಸ್ಥಿತಿಯಲ್ಲಿದ್ದಳು. ಅವಳ ಸೋಷಿಯಲ್ ಮೀಡಿಯಾ ಅಕೌಂಟಿನಿಂದ ಯಾರೋ ಕ್ರಿಪ್ಟೋ ಜಾಹೀರಾತು ಹಾಕುತ್ತಿದ್ದರು. ಕಂಪ್ಯೂಟರ್ ರಿಪೇರಿಯೇ ನನ್ನ ಕಸುಬು. ಹಾಗಾಗಿ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ನಿನ್ನೆ ಲ್ಯಾಪ್‌ಟಾಪಿಗೆ ಏನು ಹಾಕಿದೆ?"

ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರಿನ ಕ್ರ್ಯಾಕ್ ಹಾಕಿದ್ದಳು, ಅಂದರೆ ದುಡ್ಡು ಕೊಡದೆ ಓಡುವಂತೆ ಯಾರೋ ಬೀಗ ಮುರಿದ ಪ್ರತಿ. ಎಷ್ಟು ಸಲ ಕ್ಲಿಕ್ ಮಾಡಿದರೂ ಏನೂ ಓಪನ್ ಆಗಲಿಲ್ಲವಂತೆ, ಬೇಸರವಾಗಿ ಮಲಗಿದಳಂತೆ. ಓಪನ್ ಆಗದಿರುವುದೇ ಅದರ ಕೆಲಸ ಮುಗಿದ ಗುರುತು.

Downloads ಫೋಲ್ಡರಿನಲ್ಲಿ ಆ ಜಿಪ್ ಇನ್ನೂ ಇತ್ತು. 9 ಎಂಬಿ. ಅದಕ್ಕೆ ಪಾಸ್‌ವರ್ಡ್ ಬೇರೆ, ಅದನ್ನು ಫೈಲಿನ ಹೆಸರಿನಲ್ಲೇ ಬರೆದಿದ್ದರು: 1234. ಎಲ್ಲರಿಗೂ ಹೇಳಿಬಿಡುವ ಪಾಸ್‌ವರ್ಡ್ ಯಾಕೆ ಬೇಕು? ಬೀಗ ಹಾಕಿದ ಜಿಪ್ಪಿನ ಒಳಗೆ ಏನಿದೆ ಎಂದು ಬ್ರೌಸರ್ರಿಗೂ ಆಂಟಿವೈರಸ್ಸಿಗೂ ಇಣುಕಿ ನೋಡಲಾಗುವುದಿಲ್ಲ, ಅದಕ್ಕೆ. ಬಿಚ್ಚಿದರೆ setup.exe 740 ಎಂಬಿ ಆಗಿತ್ತು. ನಿಜವಾದ ಪ್ರೋಗ್ರಾಂ ಕೆಲವೇ ಎಂಬಿ, ಉಳಿದದ್ದೆಲ್ಲ ಬರೀ ಸೊನ್ನೆಗಳ ಸಾಲು. ಸೊನ್ನೆ ಜಿಪ್ಪಿನಲ್ಲಿ ಚಿಕ್ಕದಾಗಿ ಕೂತುಬಿಡುತ್ತದೆ. ಬಿಚ್ಚಿದಾಗ ಮಾತ್ರ ಉಬ್ಬುತ್ತದೆ. ಫೈಲನ್ನು ಹತ್ತಾರು ಆಂಟಿವೈರಸ್‌ಗಳಿಂದ ಪರೀಕ್ಷಿಸಿ ಹೇಳುವ VirusTotal ಸೈಟು 650 ಎಂಬಿಗಿಂತ ದೊಡ್ಡ ಫೈಲ್ ತೆಗೆದುಕೊಳ್ಳುವುದಿಲ್ಲ, ತುಂಬ ದೊಡ್ಡ ಫೈಲನ್ನು ಎಷ್ಟೋ ಸ್ಕ್ಯಾನರ್‌ಗಳು ಬಿಟ್ಟುಬಿಡುತ್ತವೆ. ಜೊತೆಗಿದ್ದ readme.txt "ಮೊದಲು ಆಂಟಿವೈರಸ್ ಆಫ್ ಮಾಡಿ, ಅದು ತಪ್ಪು ಎಚ್ಚರಿಕೆ ಕೊಡುತ್ತದೆ" ಎನ್ನುತ್ತಿತ್ತು. ತಂಗಿ ಮಾಡಿದ್ದಳು. ಆಮೇಲೆ ಮತ್ತೆ ಆನ್ ಕೂಡ ಮಾಡಿದ್ದಳು, ಸ್ಕ್ಯಾನಿನಲ್ಲಿ ಏನೂ ಸಿಕ್ಕಿರಲಿಲ್ಲ. ನನಗೆ ಅನುಮಾನ ಬಂದು, ವಿಂಡೋಸಿಗೆ ಆಜ್ಞೆಗಳನ್ನು ಟೈಪ್ ಮಾಡಿ ಕೊಡುವ ಪವರ್‌ಶೆಲ್ಲನ್ನು ಅಡ್ಮಿನ್ ಆಗಿ ತೆರೆದು ಇದನ್ನು ಕೊಟ್ಟೆ:

```
(Get-MpPreference).ExclusionPath
```

ಉತ್ತರ `C:\` ಎಂದು ಬಂತು. ಅಂದರೆ ಇಡೀ ಸಿ ಡ್ರೈವನ್ನೇ ನೋಡಬೇಡ ಎಂದು ವಿಂಡೋಸಿನದೇ ಆಂಟಿವೈರಸ್ ಆದ ಡಿಫೆಂಡರ್‌ಗೆ ಹೇಳಿಬಿಟ್ಟಿತ್ತು ಆ ಪ್ರೋಗ್ರಾಂ. ಸ್ಕ್ಯಾನ್ ಹಸಿರು ಟಿಕ್ ತೋರಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಓಟಿಪಿ ಯಾಕೆ ಬರಲಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಒಮ್ಮೆ ಲಾಗಿನ್ ಆದ ಮೇಲೆ ಸೈಟು ನಮ್ಮ ಬ್ರೌಸರ್ರಿಗೆ ಒಂದು ಕುಕಿ ಕೊಡುತ್ತದೆ. ಸಿನಿಮಾ ಮಂದಿರದಲ್ಲಿ ಇಂಟರ್ವಲ್‌ಗೆ ಹೊರಗೆ ಹೋಗುವಾಗ ಕೈಯಲ್ಲಿರುವ ಟಿಕೆಟಿನ ಹಾಗೆ: ತೋರಿಸಿದರೆ ಸಾಕು, ಮತ್ತೆ ಯಾರೂ ಏನೂ ಕೇಳುವುದಿಲ್ಲ. ಆ ಪ್ರೋಗ್ರಾಂ ಸೇವ್ ಆಗಿದ್ದ ಪಾಸ್‌ವರ್ಡ್‌ಗಳ ಜೊತೆ ಈ ಕುಕಿಗಳನ್ನೂ ಎತ್ತಿಕೊಂಡು ಹೋಗಿತ್ತು. ಕಳ್ಳನ ಬ್ರೌಸರ್ ಅವನ್ನು ತೋರಿಸಿ ನೇರವಾಗಿ ಒಳಗೆ ಹೋಯಿತು.

ತಂಗಿ ಅಷ್ಟರಲ್ಲಿ ಅದೇ ಲ್ಯಾಪ್‌ಟಾಪಿನಲ್ಲಿ ಎರಡು ಸಲ ಪಾಸ್‌ವರ್ಡ್ ಬದಲಾಯಿಸಿದ್ದಳು. ಹೊಸದನ್ನೂ ಕಳ್ಳನ ಕೈಗೇ ಕೊಟ್ಟಂತೆ. ನಾನು ಮೊದಲು ವೈಫೈ ಆಫ್ ಮಾಡಿಸಿದೆ. ಅವಳ ಫೋನಿನಿಂದ ಜಿಮೇಲ್ ಹಿಡಿದೆವು, ಯಾಕೆಂದರೆ ಉಳಿದೆಲ್ಲ ಅಕೌಂಟುಗಳ ಬೀಗದ ಕೈ ಅಲ್ಲೇ ಇರುವುದು. Your devices ಪಟ್ಟಿಯಲ್ಲಿ ಗುರುತಿಲ್ಲದ ಒಂದು ವಿಂಡೋಸ್ ಕಂಪ್ಯೂಟರ್ ಇತ್ತು. ಎಲ್ಲವನ್ನೂ ಸೈನ್ ಔಟ್ ಮಾಡಿ, ಆಮೇಲೆ ಪಾಸ್‌ವರ್ಡ್ ಬದಲಾಯಿಸಿ, ರಿಕವರಿ ನಂಬರ್ ನೋಡಿದೆವು. ನಂಬರ್ ಸರಿಯಿತ್ತು. ಆದರೆ ಮೊಬೈಲಿನ ಆ್ಯಪಿನಲ್ಲಿ ಕಾಣದ ಒಂದು ಜಾಗವಿದೆ: ಫಿಲ್ಟರ್. ನನ್ನ ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ "security" ಎಂಬ ಪದವಿರುವ ಪ್ರತಿ ಮೇಲೂ ನೇರವಾಗಿ ಕಸದ ಬುಟ್ಟಿಗೆ ಹೋಗುವಂತೆ ಯಾರೋ ಫಿಲ್ಟರ್ ಹಾಕಿಟ್ಟಿದ್ದರು. ಎಚ್ಚರಿಕೆಯ ಮೇಲ್‌ಗಳು ಬಂದಿದ್ದವು, ಅವಳಿಗೆ ಕಾಣಲಿಲ್ಲ ಅಷ್ಟೆ.

ಲ್ಯಾಪ್‌ಟಾಪನ್ನು ತೊಳೆದು ಉಳಿಸುವ ಗೋಜಿಗೆ ಹೋಗಲಿಲ್ಲ. ಫೋಟೋ, ಡಾಕ್ಯುಮೆಂಟ್ ಮಾತ್ರ ತೆಗೆದಿಟ್ಟು, ಇನ್ನೊಂದು ಕಂಪ್ಯೂಟರಿನಲ್ಲಿ ತಯಾರಿಸಿದ ಪೆನ್‌ಡ್ರೈವಿನಿಂದ ವಿಂಡೋಸ್ ಹೊಸದಾಗಿ ಹಾಕಿದೆ.

ಅಳಿಸುವ ಮುನ್ನ ಬ್ರೌಸರ್ ಹಿಸ್ಟರಿ ನೋಡಿದ್ದೆ. ಕ್ರ್ಯಾಕ್ ಇಳಿಸಿದ ಅದೇ ಪುಟ ಇನ್ನೊಂದು ಟ್ಯಾಬ್ ತೆರೆದು "ನಿಮ್ಮ ಕ್ರೋಮ್ ಹಳೆಯದು" ಎಂದು ಅಪ್‌ಡೇಟ್ ಬಟನ್ ತೋರಿಸಿತ್ತು. ಅದರಿಂದ ಇಳಿದಿದ್ದು ಎರಡು ಸಲ ಒತ್ತಿದರೆ ಪ್ರೋಗ್ರಾಂನಂತೆ ಓಡುವ, ಕೆಲವೇ ಕೆಬಿಯ ಒಂದು `.js` ಫೈಲು, ಅದೃಷ್ಟಕ್ಕೆ ತಂಗಿ ಮುಟ್ಟಿರಲಿಲ್ಲ. ಕ್ರೋಮ್ ಹಳೆಯದೋ ಹೊಸದೋ ಎಂದು `chrome://settings/help` ಹೇಳುತ್ತದೆ, ವೆಬ್ ಪುಟ ಹೇಳುವುದಿಲ್ಲ. ಹೊಸ ವಿಂಡೋಸಿನಲ್ಲಿ ನಾನು `.js` ಫೈಲುಗಳು ನೋಟ್‌ಪ್ಯಾಡಿನಲ್ಲಿ ತೆರೆಯುವಂತೆ ಮಾಡಿಟ್ಟೆ. ತಪ್ಪಿ ಎರಡು ಸಲ ಒತ್ತಿದರೂ ಅಕ್ಷರ ಕಾಣುತ್ತದೆ, ಓಡುವುದಿಲ್ಲ.

ಅಳಿಸುವ ಮುನ್ನವೇ ನೋಡಿದ್ದ ಇನ್ನೊಂದು ಫೋಲ್ಡರಿನಲ್ಲಿ ಪುಕ್ಕಟೆ ಇಳಿಸಿದ ಸಿನಿಮಾ ಇತ್ತು, ವಿಡಿಯೋ ಐಕಾನ್, ಹೆಸರಿನ ಕೊನೆಗೆ `.mkv`. ಫೈಲ್ ಎಕ್ಸ್‌ಟೆನ್ಷನ್ ತೋರಿಸು ಎಂದು ಆನ್ ಮಾಡಿದರೂ ಹಾಗೇ ಕಾಣುತ್ತಿತ್ತು, ಯಾಕೆಂದರೆ ಶಾರ್ಟ್‌ಕಟ್ಟಿನ `.lnk` ಎಂಬ ಬಾಲವನ್ನು ವಿಂಡೋಸ್ ಆಗಲೂ ತೋರಿಸುವುದಿಲ್ಲ. Type ಕಾಲಂನಲ್ಲಿ Shortcut ಎಂದಿತ್ತು, ಗಾತ್ರ 2 ಕೆಬಿ. Properties ತೆರೆದು Target ಸಾಲು ತೋರಿಸಿದೆ. ಸಿನಿಮಾದ ಹೆಸರಿರಬೇಕಾದಲ್ಲಿ `powershell.exe` ಎಂದಿತ್ತು.

"ಇದನ್ನೂ ಒತ್ತಿದ್ದೆ ಅಣ್ಣಾ" ಎಂದಳು. "ಕಳೆದ ತಿಂಗಳು."