ಬೇವಿನ ಜೆಲ್‌ನ ಪೆಟ್ಟಿಗೆಯ ಮೇಲೆ ಏನು ಬರೆಯಬಹುದು?

ಹುಬ್ಬಳ್ಳಿಯ ಸಣ್ಣ ಸೌಂದರ್ಯವರ್ಧಕ ಬ್ರ್ಯಾಂಡ್‌ಗಳಿಗೆ ನಾನು ಲೇಬಲ್ ಮತ್ತು ಆನ್‌ಲೈನ್ ವಿವರಣೆಗಳನ್ನು ಬರೆದುಕೊಡುತ್ತೇನೆ. ಅವುಗಳಲ್ಲಿ ಬೇವು ಮತ್ತು ವಿಟಮಿನ್ ಬಿ3ಯ ಒಂದು ರೂಪವಾದ ನಿಯಾಸಿನಮೈಡ್ ಇರುವ ಒಂದು ಮುಖದ ಜೆಲ್‌ನ ಕೆಲಸವನ್ನು ಇಲ್ಲಿ ವಿವರಿಸುತ್ತೇನೆ. ಬ್ರ್ಯಾಂಡ್‌ನ ಒಡತಿ ಕಳುಹಿಸಿದ ಕರಡಿನಲ್ಲಿ ‘5% ಶುದ್ಧ ಬೇವು, ಮೊಡವೆ ಮತ್ತು ಇಸಬನ್ನು ಬೇರುಸಹಿತ ಗುಣಪಡಿಸುತ್ತದೆ’ ಎಂದಿತ್ತು.

1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ಪ್ರಕಾರ ಶುಚಿಗೊಳಿಸಲು, ಅಂದ ಹೆಚ್ಚಿಸಲು ಅಥವಾ ತೋರಿಕೆಯನ್ನು ಬದಲಿಸಲು ಮೈಗೆ ಹಚ್ಚುವ ವಸ್ತು ಸೌಂದರ್ಯವರ್ಧಕ; ರೋಗಕ್ಕೆ ಚಿಕಿತ್ಸೆ ನೀಡಲು ಅಥವಾ ಅದನ್ನು ತಡೆಯಲು ಉದ್ದೇಶಿಸಿದ್ದು ಔಷಧ. ಈ ಜೆಲ್ ಸೌಂದರ್ಯವರ್ಧಕದ ಪರವಾನಗಿಯಲ್ಲಿ ತಯಾರಾಗುತ್ತಿತ್ತು. ಆದ್ದರಿಂದ ‘ಗುಣಪಡಿಸುತ್ತದೆ’ ಎಂದು ಬರೆದರೆ ಪರವಾನಗಿ ಇಲ್ಲದ ಔಷಧವನ್ನು ಮಾರುತ್ತೇವೆಂದು ನಾವೇ ಹೇಳಿಕೊಂಡಂತಾಗುತ್ತದೆ. ಕೊಳ್ಳುವವರ ಮನಸ್ಸಿನಲ್ಲಿ ಸುಳ್ಳು ಅಥವಾ ದಾರಿ ತಪ್ಪಿಸುವ ಕಲ್ಪನೆ ಹುಟ್ಟಿಸುವ ಮಾತನ್ನು 2020ರ ಸೌಂದರ್ಯವರ್ಧಕ ನಿಯಮಗಳೂ ನಿಷೇಧಿಸುತ್ತವೆ. ಇಸಬು ವೈದ್ಯರು ನೋಡಬೇಕಾದ ರೋಗವಾದ್ದರಿಂದ ಆ ಪದವನ್ನು ಕೂಡಲೇ ತೆಗೆದೆ.

‘5% ಬೇವು’ ಎಂಬ ಮಾತಿನ ಸತ್ಯ ತಿಳಿಯಲು ಹೆಚ್ಚು ಕೆಲಸ ಬೇಕಾಯಿತು. ತಯಾರಕರಿಂದ ಫಾರ್ಮುಲಾ ಪಟ್ಟಿಯನ್ನೂ ಬೇವಿನ ಸಾರ ಪೂರೈಸುವವರಿಂದ ಅದರ ಸಂಯೋಜನೆಯ ಹಾಳೆಯನ್ನೂ ತರಿಸಿಕೊಂಡೆ. 100 ಗ್ರಾಂ ಜೆಲ್‌ಗೆ 5 ಗ್ರಾಂ ‘ಬೇವಿನ ಸಾರ’ ಹಾಕುತ್ತಿದ್ದದ್ದು ನಿಜ. ಆದರೆ ಆ ಸಾರದಲ್ಲಿ ಗ್ಲಿಸರಿನ್ 76%, ನೀರು 20% ಇದ್ದು, ಬೇವಿನ ಎಲೆಯ ಅಂಶ ಉಳಿದ 4% ಮಾತ್ರ. ಅಂದರೆ 100 ಗ್ರಾಂ ಜೆಲ್‌ನಲ್ಲಿ ಬೇವು ಇರುವುದು 0.2 ಗ್ರಾಂ. ಸಾರದೊಂದಿಗೆ ಬಂದ 3.8 ಗ್ರಾಂ ಗ್ಲಿಸರಿನ್‌ಗೆ ಫಾರ್ಮುಲಾದಲ್ಲಿ ಪ್ರತ್ಯೇಕವಾಗಿ ಹಾಕಿದ್ದ 3 ಗ್ರಾಂ ಸೇರಿಸಿದರೆ 6.8 ಗ್ರಾಂ ಆಗುತ್ತದೆ.

ಈ ಲೆಕ್ಕದಿಂದ ಘಟಕಗಳ ಪಟ್ಟಿಯ ಕ್ರಮವೇ ಬದಲಾಯಿತು. 1%ಕ್ಕಿಂತ ಹೆಚ್ಚಿರುವ ಘಟಕಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಅದಕ್ಕಿಂತ ಕಡಿಮೆ ಇರುವವನ್ನು ನಂತರ ಯಾವ ಕ್ರಮದಲ್ಲಾದರೂ ಬರೆಯಬಹುದು. ಕರಡಿನಲ್ಲಿ ನೀರಿನ ನಂತರವೇ ಇದ್ದ ಬೇವು ಈಗ ಗ್ಲಿಸರಿನ್, 4% ನಿಯಾಸಿನಮೈಡ್‌ಗಳ ಕೆಳಗಿಳಿಯಿತು. 0.8% ಇದ್ದ ಸಂರಕ್ಷಕ ಫಿನಾಕ್ಸಿಎಥನಾಲ್‌ಗಿಂತ ಮೊದಲು ಬೇವನ್ನು ಬರೆಯಲು ನಿಯಮದಲ್ಲಿ ಅವಕಾಶವಿತ್ತು. ಆದರೂ ಪ್ರಮಾಣದ ಕ್ರಮವನ್ನೇ ಪಾಲಿಸಿ ಬೇವನ್ನು ಅದರ ನಂತರ ಬರೆದೆ, ಏಕೆಂದರೆ ಪಟ್ಟಿಯನ್ನು ಓದಬಲ್ಲ ಗ್ರಾಹಕರು ಅದನ್ನು ನೋಡಿಯೇ ಪ್ರಮಾಣವನ್ನು ಅಂದಾಜು ಮಾಡುತ್ತಾರೆ.

ಒಡತಿಯವರ ಆತಂಕ ಸಹಜವಾಗಿತ್ತು. “ಮೊಡವಿ ಹೋಗತಾವ ಅಂತ ಬರೀಲಿಲ್ಲಂದ್ರ ಯಾರು ತಗೋತಾರ್ರೀ?” ಎಂದು ಕೇಳಿದರು. ನಿಯಾಸಿನಮೈಡ್‌ನ 4% ಜೆಲ್ ಅನ್ನು ಮೊಡವೆ ಇರುವವರ ಮೇಲೆ ಪರೀಕ್ಷಿಸಿದ 1995ರ ಅಧ್ಯಯನವೊಂದನ್ನೂ ಮುಂದಿಟ್ಟರು. ಆ ಅಧ್ಯಯನ ನಿಜವಾದದ್ದೇ; ಅದರಲ್ಲಿ ಜೆಲ್ ಅನ್ನು ಕ್ಲಿಂಡಮೈಸಿನ್ ಎಂಬ ಔಷಧದೊಂದಿಗೆ ಹೋಲಿಸಿದ್ದರು. “ಅಕ್ಕಾರ, ಅವರು ಪರೀಕ್ಷೆ ಮಾಡಿದ್ದು ಬ್ಯಾರೆ ಜೆಲ್, ಅದೂ ಚಿಕಿತ್ಸೆ ಅಂತ. ಆ ಫಲಿತಾಂಶ ನಮ್ಮ ಡಬ್ಬಿ ಮ್ಯಾಲೆ ಬರಿಯಾಕ ಬರಂಗಿಲ್ಲ” ಎಂದೆ. ಘಟಕವೊಂದರ ಪ್ರಮಾಣ ಒಂದೇ ಇದ್ದರೂ ಉಳಿದ ಸಂಯೋಜನೆ ಬೇರೆಯಾದರೆ ಅದು ಚರ್ಮದೊಳಗೆ ಎಷ್ಟು ಇಳಿಯುತ್ತದೆ ಎಂಬುದೂ ಬದಲಾಗಬಹುದು.

ಹಾಗಾದರೆ ಉಳಿದದ್ದೇನು? 2% ನಿಯಾಸಿನಮೈಡ್ ಬಳಸಿದಾಗ ಮುಖದ ಜಿಡ್ಡು ತಗ್ಗಿದ್ದನ್ನು ತೋರಿಸಿದ ಅಧ್ಯಯನವಿದೆ. ಜಿಡ್ಡು ತೋರಿಕೆಗೆ ಸಂಬಂಧಿಸಿದ ವಿಷಯವಾದ್ದರಿಂದ ಘಟಕದ ಹೆಸರು ಹೇಳಿ ಅಷ್ಟನ್ನು ಬರೆಯಬಹುದಿತ್ತು. ಕಪ್ಪು ಕಲೆಗಳ ಕುರಿತ ಹೆಸರಾಂತ ಪರೀಕ್ಷೆ ನಡೆದದ್ದು 5% ನಿಯಾಸಿನಮೈಡ್‌ನ ಮೇಲೆ. ನಮ್ಮಲ್ಲಿರುವುದು 4% ಆದ್ದರಿಂದ ಕಲೆಗಳ ಮಾತನ್ನು ಕೈಬಿಟ್ಟೆ. ಕೊನೆಗೆ ಒಪ್ಪಿಗೆಯಾದ ವಿವರಣೆ ಹೀಗಿತ್ತು: ‘ಜಿಡ್ಡಿನ ಮುಖಕ್ಕೆ ಹಗುರವಾದ, ಅಂಟದ ಜೆಲ್. ಇದರಲ್ಲಿರುವ 4% ನಿಯಾಸಿನಮೈಡ್ ಮುಖದ ಜಿಡ್ಡು ಕಡಿಮೆ ಕಾಣಲು ನೆರವಾಗುತ್ತದೆ. ಗ್ಲಿಸರಿನ್ ಚರ್ಮದ ತೇವವನ್ನು ಹಿಡಿದಿಡುತ್ತದೆ. ಬೇವಿನ ಎಲೆಯ ಸಾರವನ್ನು ಅಲ್ಪ ಪ್ರಮಾಣದಲ್ಲಿ ಸೇರಿಸಲಾಗಿದೆ.’

ಕರಡಿನಲ್ಲಿದ್ದ ‘ಚರ್ಮವೈದ್ಯರು ಪರೀಕ್ಷಿಸಿದ್ದು’ ಎಂಬ ಸಾಲಿನ ಆಧಾರವನ್ನು ಕೇಳಿದಾಗ ಪ್ಯಾಚ್ ಟೆಸ್ಟ್‌ನ ವರದಿ ಬಂತು. ಉರಿ, ತುರಿಕೆ ಬರುತ್ತದೆಯೇ ಎಂಬುದನ್ನಷ್ಟೇ ಆ ಪರೀಕ್ಷೆ ನೋಡುತ್ತದೆ; ಜೆಲ್ ಕೆಲಸ ಮಾಡುತ್ತದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಆದ್ದರಿಂದ ‘ಚರ್ಮದ ಕಿರಿಕಿರಿಗಾಗಿ ಪ್ಯಾಚ್ ಟೆಸ್ಟ್ ಮಾಡಲಾಗಿದೆ’ ಎಂದು ಬದಲಿಸಿದೆ. ‘ಕೆಮಿಕಲ್ ರಹಿತ’ ಎಂಬುದನ್ನು ಅಳಿಸಿದೆ, ಏಕೆಂದರೆ ಜೆಲ್‌ನಲ್ಲಿರುವ ನೀರೂ ರಾಸಾಯನಿಕವೇ.

ಗ್ರಾಹಕರೊಬ್ಬರ ‘ನನ್ನ ಇಸಬು ವಾಸಿಯಾಯಿತು’ ಎಂಬ ಅಭಿಪ್ರಾಯವನ್ನು ಬ್ರ್ಯಾಂಡ್‌ನ ಪುಟದಲ್ಲಿ ಹಾಕುವ ಯೋಚನೆಯೂ ಇತ್ತು. ಅದನ್ನು ಆಯ್ದು ಪ್ರಕಟಿಸಿದ ಕ್ಷಣದಿಂದ ಅದು ಬ್ರ್ಯಾಂಡ್‌ನ ಮಾತೇ ಆಗುತ್ತದೆ ಎಂದು ವಿವರಿಸಿದ ಮೇಲೆ ಅದರ ಬದಲು ಜೆಲ್ ಅಂಟುವುದಿಲ್ಲ, ಬೇಗ ಒಣಗುತ್ತದೆ ಎಂದಿದ್ದ ಅಭಿಪ್ರಾಯವನ್ನು ಆರಿಸಿದರು. ಬೇವಿನ ಸಾರದ ಪೂರೈಕೆದಾರರು ಬದಲಾದರೆ ಹೊಸ ಹಾಳೆ ಬರುವವರೆಗೆ ಪೆಟ್ಟಿಗೆಗಳನ್ನು ಮುದ್ರಿಸಬಾರದೆಂಬ ಸೂಚನೆಯನ್ನು ಈಗ ಖರೀದಿ ಆದೇಶದಲ್ಲೇ ಬರೆದಿದ್ದಾರೆ.