ಕೆರೆ ಬರಿದು ಮಾಡದೆ ಮೀನಿನ ಲೆಕ್ಕ

ಒಂದು ಎಕರೆ ಕೊಳಕ್ಕೆ 1,500 ರೋಹು ಮರಿ ಬಿಟ್ಟು ಎಂಟು ತಿಂಗಳಾಗಿದೆ ಎಂದುಕೊಳ್ಳಿ. ನೀರುಕಾಗೆ ತಿಂದದ್ದೆಷ್ಟು, ಮಳೆಗಾಲದಲ್ಲಿ ಕೋಡಿ ಹರಿದು ಹೋದದ್ದೆಷ್ಟು, ಯಾರಿಗೂ ಗೊತ್ತಿಲ್ಲ. ಮೀನು ಸರಾಸರಿ 400 ಗ್ರಾಂ ತೂಗುತ್ತಿದೆ. ದೇಹತೂಕದ ನೂರಕ್ಕೆ ಎರಡರಂತೆ ಆಹಾರ ಹಾಕುವವರು 1,500 ಮೀನಿಗೆ ದಿನಕ್ಕೆ 12 ಕಿಲೋ ತೌಡು, ಹಿಂಡಿ ಸುರಿಯುತ್ತಾರೆ. ಮೀನು ಅರ್ಧವೇ ಉಳಿದಿದ್ದರೆ ಮಿಕ್ಕ ಆರು ಕಿಲೋ ತಳದಲ್ಲಿ ಕೊಳೆಯುತ್ತದೆ. ನೀರಿನ ಆಮ್ಲಜನಕ ಕುಸಿದು, ಬೆಳಗಿನ ಜಾವ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡತೊಡಗುತ್ತವೆ. ಆ ಹಂತಕ್ಕೆ ಹೋಗುವ ಮುನ್ನ ಎಣಿಸಬೇಕು. ನೀರು ಖಾಲಿ ಮಾಡಬೇಕಿಲ್ಲ, ಎರಡು ದಿನ ಬಲೆ ಹಾಕಿದರೆ ಸಾಕು.

ಮೊದಲ ದಿನ ಬಿಸಿಲು ಏರುವ ಮುನ್ನ ಕೊಳದ ಬೇರೆ ಬೇರೆ ಕಡೆ ಬೀಸುಬಲೆ ಹಾಕಿ 120 ರೋಹು ಹಿಡಿಯಿರಿ. ದಿನವೂ ಆಹಾರ ಹಾಕುವ ಜಾಗದಲ್ಲಿ ಮಾತ್ರ ಬೀಸಬೇಡಿ. ಅಲ್ಲಿಗೆ ಬರುವ ಧೈರ್ಯದ ಮೀನುಗಳೇ ಎರಡನೇ ಸಲವೂ ಸಿಕ್ಕಿ, ಲೆಕ್ಕ ನಿಜಕ್ಕಿಂತ ಕಡಿಮೆ ಬರುತ್ತದೆ. ಕೈ ಒದ್ದೆ ಮಾಡಿಕೊಂಡು ಮೀನನ್ನು ಅಂಗಾತ ಹಿಡಿದರೆ ಹೊಟ್ಟೆಯ ಕೆಳಗೆ ಜೋಡಿ ರೆಕ್ಕೆ ಕಾಣುತ್ತದೆ. ಎಡಗಡೆಯದರ ತುದಿಯಿಂದ ಅರ್ಧದಷ್ಟನ್ನು ಚೂಪಾದ ಕತ್ತರಿಯಿಂದ ನೇರವಾಗಿ ಕತ್ತರಿಸಿ. ಬುಡಕ್ಕೆ ಕತ್ತರಿ ತಾಗಬಾರದು. ಮುಂದೆ ಮೀನು ಮತ್ತೆ ಸಿಕ್ಕಾಗ ಹೆಬ್ಬೆರಳು ಆಡಿಸಿದರೇ ಆ ಮೊಂಡು ಅಂಚು ತಿಳಿಯುತ್ತದೆ. ರೆಕ್ಕೆ ಕೆಲವು ತಿಂಗಳಲ್ಲಿ ಮತ್ತೆ ಬೆಳೆಯಬಹುದು, ನಮಗೆ ಒಂದು ವಾರ ಉಳಿದರೆ ಸಾಕು.

ಗುರುತು ಮಾಡಿದವುಗಳಲ್ಲಿ ಇಪ್ಪತ್ತನ್ನು ಕೊಳದಲ್ಲೇ ಕಟ್ಟಿದ ಬಲೆಯ ತೊಟ್ಟಿಲಲ್ಲಿ ಒಂದು ರಾತ್ರಿ ಇಟ್ಟು ನೋಡಿ. ಈ ಹಂತವನ್ನು ಬಿಡಬೇಡಿ. ಇಪ್ಪತ್ತರಲ್ಲಿ ಎರಡು ಸತ್ತರೆ, ಹೊರಗೆ ಬಿಟ್ಟ ನೂರರಲ್ಲೂ ಸುಮಾರು ಹತ್ತು ಸತ್ತಿವೆ ಎಂದು ತಿಳಿದು, ಗುರುತಿನ ಮೀನು 120ರ ಬದಲು 108 ಎಂದು ಹಿಡಿಯಬೇಕು. ತೊಟ್ಟಿಲಿನಲ್ಲಿ ಬದುಕಿ ಉಳಿದವನ್ನೂ ಕೊಳಕ್ಕೆ ಬಿಟ್ಟುಬಿಡಿ. ಒಂದೂ ಸಾಯದಿದ್ದರೆ ಲೆಕ್ಕಕ್ಕೆ 120 ಎಂದೇ ಹಿಡಿಯಿರಿ.

ಒಂದು ವಾರ ಕಾಯಿರಿ. ಆ ಅವಧಿಯಲ್ಲಿ ಹೊಸ ಮರಿ ಬಿಡಬಾರದು, ಮಾರಾಟಕ್ಕೆ ಹಿಡಿಯಬಾರದು. ನಂತರ ಎಳೆಬಲೆ ಎಳೆದು, ಸಿಕ್ಕ ಪ್ರತಿ ರೋಹುವಿನ ಹೊಟ್ಟೆ ನೋಡಿ. ಕೊಳದ ಮೂರು ಭಾಗದ ಲೆಕ್ಕವನ್ನು ಬೇರೆ ಬೇರೆ ಬರೆದುಕೊಳ್ಳಿ. ತೂಬಿನ ಬಳಿ 51ರಲ್ಲಿ 8, ನಡುವೆ 49ರಲ್ಲಿ 9, ಆಚೆ ದಡದಲ್ಲಿ 50ರಲ್ಲಿ 7 ಗುರುತಿನವು ಸಿಕ್ಕವು ಎನ್ನಿ. ಮೂರೂ ಕಡೆ ಪ್ರಮಾಣ ಹತ್ತಿರ ಹತ್ತಿರ ಇದೆ, ಅಂದರೆ ಮೀನು ಚೆನ್ನಾಗಿ ಬೆರೆತಿದೆ. ಒಂದು ಕಡೆ 18, ಇನ್ನೊಂದು ಕಡೆ 1 ಬಂದಿದ್ದರೆ ಬೆರೆತಿಲ್ಲ ಎಂದೇ ಅರ್ಥ. ಇನ್ನೂ ನಾಲ್ಕು ದಿನ ಬಿಟ್ಟು ಮತ್ತೆ ಎಳೆಯಬೇಕು.

ಒಟ್ಟು 150ರಲ್ಲಿ 24 ಗುರುತಿನವು. ಬಲೆಯಲ್ಲಿದ್ದ ಪ್ರಮಾಣವೇ ಕೊಳದಲ್ಲೂ ಇದೆ ಎನ್ನುವುದು ಇಡೀ ಲೆಕ್ಕದ ಜೀವ. ಹಾಗಾಗಿ 120 × 150 ÷ 24 = 750 ಮೀನು. ಡೆನ್ಮಾರ್ಕಿನ ಮೀನು ವಿಜ್ಞಾನಿ ಯೋಹಾನಸ್ ಪೀಟರ್ಸನ್ 1890ರ ದಶಕದಲ್ಲೇ ಮೀನುಗಳಿಗೆ ಗುರುತು ಹಾಕಿ ಬಿಟ್ಟು ಅಧ್ಯಯನ ಮಾಡಿದ್ದರು. ಈ ಲೆಕ್ಕಕ್ಕೆ ಇಂದಿಗೂ ಅವರ ಹೆಸರಿದೆ. ಮರುಹಿಡಿತ ಕಡಿಮೆ ಇದ್ದಾಗ ಈ ಸೂತ್ರ ಸ್ವಲ್ಪ ಹೆಚ್ಚು ತೋರಿಸುತ್ತದೆ. ಆದ್ದರಿಂದ ಪ್ರತಿ ಸಂಖ್ಯೆಗೂ ಒಂದು ಸೇರಿಸಿ, ಕೊನೆಗೆ ಒಂದು ಕಳೆಯುವ ತಿದ್ದುಪಡಿಯನ್ನು ಬಳಸುತ್ತಾರೆ: 121 × 151 ÷ 25 − 1, ಸುಮಾರು 730.

730 ಎಂದು ಬಂದ ಮಾತ್ರಕ್ಕೆ ಅಷ್ಟೇ ಇದೆ ಎಂದಲ್ಲ. 24 ಗುರುತಿನ ಮೀನು ಸಿಕ್ಕಾಗ ನಿಜ ಸಂಖ್ಯೆ 500ರಿಂದ 960ರ ನಡುವೆ ಎಲ್ಲಿಯೂ ಇರಬಹುದು. ಸಿಕ್ಕಿದ್ದು ನಾಲ್ಕೇ ಆಗಿದ್ದರೆ ಸರಳ ಸೂತ್ರ 4,500 ಎನ್ನುತ್ತಿತ್ತು, ಮೂರಾಗಿದ್ದರೆ 6,000. ಒಂದೇ ಮೀನು ಬಲೆಯಿಂದ ಜಾರಿದ್ದಕ್ಕೆ ಸಾವಿರದೈನೂರು ವ್ಯತ್ಯಾಸ! ಇಪ್ಪತ್ತಕ್ಕಿಂತ ಕಡಿಮೆ ಸಿಕ್ಕರೆ ನಾನಂತೂ ಆ ಲೆಕ್ಕ ನಂಬುವುದಿಲ್ಲ, ಇನ್ನಷ್ಟು ಹಿಡಿಯುತ್ತೇನೆ.

ಕೊಳದಲ್ಲಿ ಕಾಟ್ಲಾ, ಮೃಗಾಲ್ ಕೂಡ ಇದ್ದರೆ ಒಟ್ಟಿಗೆ ಎಣಿಸಬೇಡಿ. ಕಾಟ್ಲಾ ಮೇಲ್ಪದರದಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುವ ಮೀನು. ಮೂರೂ ಒಂದೇ ಪ್ರಮಾಣದಲ್ಲಿ ಬಲೆಗೆ ಬೀಳುವುದಿಲ್ಲ. ಬಲೆಯ ಕಣ್ಣಿನಿಂದ ನುಸುಳುವ ಸಣ್ಣವೂ ಈ ಲೆಕ್ಕದಲ್ಲಿ ಸೇರಿರುವುದಿಲ್ಲ.

ಈಗ ಆಹಾರಕ್ಕೆ ಬರೋಣ. 730 ಮೀನಿಗೆ ಬೇಕಾದದ್ದು ಆರು ಕಿಲೋಗೂ ಸ್ವಲ್ಪ ಕಡಿಮೆ. 960 ಇದ್ದರೂ ಎಂಟು ಕಿಲೋ ದಾಟದು, ಹಾಗಾಗಿ 12 ಕಿಲೋ ಖಂಡಿತ ಹೆಚ್ಚು. ಆರು ಕಿಲೋದಿಂದ ಶುರು ಮಾಡಿ, ತೂತು ಮಾಡಿದ ಚೀಲದಲ್ಲಿ ತುಂಬಿ ಗಳಕ್ಕೆ ಕಟ್ಟಿ ನೀರಿಗಿಳಿಸಿ. ಎರಡು ಗಂಟೆ ಬಿಟ್ಟು ಎತ್ತಿದಾಗ ಚೀಲದಲ್ಲಿ ಉಳಿದಿದ್ದರೆ ಮರುದಿನ ಅರ್ಧ ಕಿಲೋ ಇಳಿಸಿ, ಪೂರ್ತಿ ಖಾಲಿಯಾಗಿದ್ದರೆ ಅರ್ಧ ಕಿಲೋ ಏರಿಸಿ.