ಪಾಸ್‌ಬುಕ್ ಫೋಟೋ ಓದುವಾಗ ಬ್ಯಾಲೆನ್ಸ್ ಕಾಲಂ ಬಿಡಬೇಡಿ

ನಾನು ಆಡಿಟರ್ ಆಫೀಸೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಅಂಗಡಿಯವರು, ಅಡಿಕೆ ವ್ಯಾಪಾರದವರು ಚೆಕ್ ಮತ್ತು ಪಾಸ್‌ಬುಕ್ಕಿನ ಫೋಟೋಗಳನ್ನು ಮೊಬೈಲಿಗೆ ಕಳಿಸುತ್ತಾರೆ. ಅವುಗಳನ್ನು ನೋಡಿ ಯಾರ ಹೆಸರಿಗೆ, ಯಾವ ತಾರೀಖು, ಎಷ್ಟು ಹಣ ಅಂತ ಟೈಪ್ ಮಾಡುವುದು ನನ್ನ ಪಾಲಿನ ಕೆಲಸ.

ಚೆಕ್ಕಿನಲ್ಲಿ ನಾನು ಮೊದಲು ಓದುವುದು ಅಕ್ಷರದಲ್ಲಿ ಬರೆದ ಮೊತ್ತ. ಅಂಕಿಯನ್ನು ಆಮೇಲೆ ನೋಡುತ್ತೇನೆ. ಅವಸರದಲ್ಲಿ ಬರೆದ 7 ಎಷ್ಟೋ ಸಲ 1ರ ಹಾಗೆ ಕಾಣುತ್ತದೆ. ಬಾಕ್ಸಿನಲ್ಲಿರುವುದು 47,500ನೋ 41,500ನೋ ಅಂತ ಅನುಮಾನ ಬಂದರೆ, ಪಕ್ಕದ ಸಾಲಿನಲ್ಲಿ ‘ನಲವತ್ತೇಳು ಸಾವಿರದ ಐನೂರು’ ಅಂತಿದ್ದರೆ ಸಾಕು, ಅಲ್ಲಿಗೆ ಮುಗಿಯಿತು. ಆದರೆ ಅಂಕಿ ಸ್ಪಷ್ಟವಾಗಿ 47,500 ಇದ್ದು, ಅಕ್ಷರದಲ್ಲಿ ‘ನಲವತ್ತೊಂದು ಸಾವಿರದ ಐನೂರು’ ಅಂತಿದ್ದರೆ? ನಾನು ಯಾವುದನ್ನೂ ತಿದ್ದುವುದಿಲ್ಲ. ಎರಡನ್ನೂ ಇದ್ದ ಹಾಗೇ ಬರೆದು, ‘ತಾಳೆಯಾಗುತ್ತಿಲ್ಲ’ ಅಂತ ಷರಾ ಹಾಕುತ್ತೇನೆ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಅಕ್ಷರದಲ್ಲಿರುವ ಮೊತ್ತವೇ ಸರಿ. ಆದರೂ ಇಂಥ ಚೆಕ್ಕನ್ನು ಬ್ಯಾಂಕು ವಾಪಸ್ ಕಳಿಸುವುದುಂಟು. ಹಾಗಾಗಿ ಹಣ ನಿಜವಾಗಿ ಹೋಯಿತಾ, ಎಷ್ಟು ಹೋಯಿತು ಅನ್ನುವುದನ್ನು ಪಾಸ್‌ಬುಕ್ಕೇ ಹೇಳಬೇಕು.

ಹೆಸರೂ ಅಷ್ಟೇ. ‘ಮಂಜುನಾಥ’ ಅಂತಿದ್ದರೆ ‘ಮಂಜುನಾಥ್’ ಮಾಡಬಾರದು, ಇನಿಷಿಯಲ್ ಜಾಗ ಬದಲಾಯಿಸಬಾರದು. ತಾರೀಖಿಗೆ ಎಂಟು ಬಾಕ್ಸ್ ಇರುತ್ತವೆ. ಮೊದಲು ದಿನ, ಆಮೇಲೆ ತಿಂಗಳು, ಕೊನೆಗೆ ವರ್ಷ. ಜನವರಿಯಲ್ಲಿ ಕೈ ತಪ್ಪಿ ಹಳೇ ವರ್ಷವನ್ನೇ ಬರೆಯುವವರು ಜಾಸ್ತಿ. ಚೆಕ್ಕಿಗೆ ಮೂರೇ ತಿಂಗಳ ಆಯಸ್ಸು ಇರುವುದರಿಂದ, ಅಂಥ ತಾರೀಖು ಕಂಡರೂ ಹಾಗೇ ಬರೆದು ಷರಾ ಹಾಕುತ್ತೇನೆ. ಚೆಕ್ ನಂಬರನ್ನು ಕೆಳಗಿನ ಬಿಳಿ ಪಟ್ಟಿಯಿಂದ ತೆಗೆದುಕೊಳ್ಳುತ್ತೇನೆ. ಅಲ್ಲಿನ ಮೊದಲ ಆರು ಅಂಕಿಗಳೇ ಅದು. ಕೆಲವು ಪಾಸ್‌ಬುಕ್ಕುಗಳಲ್ಲಿ ಮುಂದಿನ ಸೊನ್ನೆ ಬಿಟ್ಟು ಪ್ರಿಂಟ್ ಆಗಿರುತ್ತದೆ, ತಾಳೆ ನೋಡುವಾಗ ಇದು ನೆನಪಿರಲಿ.

ಕಣ್ಣಿಗೆ ನಿಜವಾದ ಕೆಲಸ ಪಾಸ್‌ಬುಕ್ಕಿನದು. ರಿಬ್ಬನ್ ಮಾಸಿರುತ್ತದೆ, ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಕೂತಿರುತ್ತದೆ, ನಡುವಿನ ಮಡಿಕೆಯಲ್ಲಿ ಒಂದು ಸಾಲು ಪೂರ್ತಿ ಮುಚ್ಚಿರುತ್ತದೆ. ಚುಕ್ಕಿ ಚುಕ್ಕಿಯಾಗಿ ಬೀಳುವ ಆ ಪ್ರಿಂಟಿನಲ್ಲಿ ಎಡಗಡೆಯ ಚುಕ್ಕಿ ಅಳಿಸಿದರೆ 8 ಹೋಗಿ 3 ಆಗಿಬಿಡುತ್ತದೆ. ಆದರೆ ಪ್ರತಿ ಸಾಲಿನ ಕೊನೆಯಲ್ಲೂ ಬ್ಯಾಲೆನ್ಸ್ ಇದೆಯಲ್ಲ, ಅದು ಆ ಸಾಲಿನ ತಪ್ಪು ಓದನ್ನು ಹಿಡಿದುಕೊಡುತ್ತದೆ.

ಒಂದು ಪುಟ ಹೀಗಿತ್ತು ಅಂದುಕೊಳ್ಳಿ. ಮೇಲಿನ ಬ್ಯಾಲೆನ್ಸ್ 18,642. ಮೊದಲ ಸಾಲಿನಲ್ಲಿ ಯುಪಿಐ ಮೂಲಕ 1,350 ಹೋಗಿ 17,292 ಉಳಿದಿದೆ. ಸರಿ. ಎರಡನೇ ಸಾಲಿನಲ್ಲಿ ಜಮಾ, ಫೋಟೋದಲ್ಲಿ ಕಾಣುವುದು 3,500. ಆದರೆ ಬ್ಯಾಲೆನ್ಸ್ 25,792 ಅಂತಿದೆ. 17,292ರಿಂದ ಅಲ್ಲಿಗೆ ಹೋಗಬೇಕಾದರೆ 8,500 ಬೇಕು. ಫೋಟೋ ದೊಡ್ಡದು ಮಾಡಿ ನೋಡಿದರೆ ಎಡಗಡೆ ಒಂದೆರಡು ಮಸುಕು ಚುಕ್ಕಿ ಕಾಣುತ್ತವೆ. ಅದು 8. ಮೂರನೇ ಸಾಲು ಮಡಿಕೆ ದಾಟಿದ ಮೇಲೆ ಕಾಣುತ್ತದೆ. 2,500 ಹೋಗಿದೆ, 23,292 ಉಳಿಯಬೇಕು. ಪ್ರಿಂಟ್ ಆಗಿರುವುದು ಮಾತ್ರ 23,274.30. ವ್ಯತ್ಯಾಸ 17 ರೂಪಾಯಿ 70 ಪೈಸೆ.

ಇಲ್ಲಿ ಅಂಕಿಯ ಓದು ತಪ್ಪಿಲ್ಲ. ಒಂದು ಸಾಲೇ ಮಡಿಕೆಯಲ್ಲಿ ಹೋಗಿದೆ. 15 ರೂಪಾಯಿಗೆ ಶೇಕಡಾ 18 ಜಿಎಸ್‌ಟಿ ಸೇರಿಸಿದರೆ ಸರಿಯಾಗಿ 17.70 ಬರುತ್ತದೆ, ಹಾಗಾಗಿ ಎಸ್‌ಎಂಎಸ್ ಚಾರ್ಜ್ ಇರಬಹುದು ಅನ್ನಿಸುತ್ತದೆ. ಅನ್ನಿಸಿದ್ದನ್ನು ವಿವರದ ಕಾಲಂನಲ್ಲಿ ಬರೆಯುವುದಿಲ್ಲ. ನಾನು ಬರೆಯುವುದು ಹೀಗೆ:

ವಿವರ: ಕಾಣುತ್ತಿಲ್ಲ | ಹೋದದ್ದು: 17.70, ಬ್ಯಾಲೆನ್ಸಿನಿಂದ ತೆಗೆದದ್ದು | ತಾರೀಖು: ಕಾಣುತ್ತಿಲ್ಲ

ಆಮೇಲೆ ಪುಸ್ತಕವನ್ನು ಪೂರ್ತಿ ಬಿಡಿಸಿ, ಮಡಿಕೆ ಒತ್ತಿ ಹಿಡಿದು ಇನ್ನೊಂದು ಫೋಟೋ ಕಳಿಸಿ ಅಂತ ಕೇಳುತ್ತೇನೆ. ಓದಿದ ಅಂಕಿ ಯಾವುದು, ಲೆಕ್ಕ ಹಾಕಿ ತೆಗೆದ ಅಂಕಿ ಯಾವುದು ಅಂತ ನಾಳೆ ನೋಡುವವರಿಗೆ ಗೊತ್ತಾಗಲೇಬೇಕು. ಎರಡನ್ನೂ ಬೆರೆಸಿಬಿಟ್ಟರೆ ಆ ಪುಟವನ್ನು ಮತ್ತೆ ನಂಬುವ ಹಾಗಿಲ್ಲ.

ಟೈಪ್ ಮಾಡಿದ ಮೇಲೂ ಲೆಕ್ಕ ಕೂಡದಿದ್ದರೆ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡುತ್ತೇನೆ. 1,350 ಹೋಗಿ 1,530 ಆಗಿದ್ದರೆ ವ್ಯತ್ಯಾಸ 180, ಶೇಷ ಉಳಿಯುವುದಿಲ್ಲ. ಆಗ ಪಕ್ಕಪಕ್ಕದ ಅಂಕಿಗಳು ಅದಲುಬದಲಾಗಿವೆಯಾ ಅಂತ ಮೊದಲು ಹುಡುಕಬೇಕು.

ಒಂದು ಪುಟದ ಕೊನೆಯ ಬ್ಯಾಲೆನ್ಸೇ ಮುಂದಿನ ಪುಟದ ತಲೆಯಲ್ಲಿ ಇರಬೇಕು. ಇಲ್ಲದಿದ್ದರೆ ನಡುವೆ ಪುಟ ಬಿಟ್ಟುಹೋಗಿದೆ ಅಂತ ಅರ್ಥ, ಕೇಳಿ ತರಿಸಿಕೊಳ್ಳಬಹುದು. ಆದರೆ ಬಹಳ ದಿನ ಎಂಟ್ರಿ ಹಾಕಿಸದೇ ಇಟ್ಟ ಪಾಸ್‌ಬುಕ್ಕಿನಲ್ಲಿ ಕೆಲವು ಬ್ಯಾಂಕುಗಳು ಹಳೆಯದನ್ನೆಲ್ಲ ಒಟ್ಟುಗೂಡಿಸಿ ಒಂದೇ ಸಾಲು ಪ್ರಿಂಟ್ ಮಾಡಿಬಿಡುತ್ತವೆ. ಅದು ಎಷ್ಟು ಚೆನ್ನಾಗಿ ಫೋಟೋ ತೆಗೆದರೂ ಬಿಡಿಸಿ ಓದುವಂಥದ್ದಲ್ಲ. ಆ ಅವಧಿಯ ಸ್ಟೇಟ್‌ಮೆಂಟ್ ತರಿಸಿ ಅಂತ ಹೇಳಿ, ಬರುವವರೆಗೂ ಆ ಪುಟವನ್ನು ಬಾಕಿ ಇಡುತ್ತೇನೆ.